ಮೂರು ವರ್ಷದ ಚಂದಾ ಒಂದೇ ಇನ್‌ವಾಯ್ಸಿನಲ್ಲಿ ಬಂದಾಗ: ಎಷ್ಟು ಆದಾಯ, ಯಾವ ತಿಂಗಳಿಗೆ?

ಪ್ರಶ್ನೆ: ಮಾನ್ಯರೇ, ಮಂಡ್ಯದಲ್ಲಿ ಕಬ್ಬಿನ ವೇಬ್ರಿಡ್ಜ್‌ಗಳಿಗೆ ಎಲೆಕ್ಟ್ರಾನಿಕ್ ತೂಕದ ಉಪಕರಣವನ್ನೂ ಅದರ ಸಾಫ್ಟ್‌ವೇರನ್ನೂ ಒದಗಿಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಒಬ್ಬ ಗ್ರಾಹಕರಿಗೆ 2025ರ ಫೆಬ್ರವರಿ 15ರಂದು ಉಪಕರಣ ಮತ್ತು ಮೂರು ವರ್ಷದ ಸಾಫ್ಟ್‌ವೇರ್ ಚಂದಾ ಸೇರಿಸಿ 5,40,000 ರೂಪಾಯಿ ಮತ್ತು ಜಿಎಸ್‌ಟಿಗೆ ಒಂದೇ ಸಾಲಿನ ಇನ್‌ವಾಯ್ಸ್ ಮಾಡಿದೆವು, ಹಣವೂ ಬಂತು. ಉಪಕರಣ ಕೂರಿಸಿ ಒಪ್ಪಿಸಿದ್ದು ಮಾರ್ಚ್ 10, ಸಾಫ್ಟ್‌ವೇರ್ ತೆರೆದುಕೊಟ್ಟದ್ದು ಮಾರ್ಚ್ 16. ನಮ್ಮ ಲೆಕ್ಕದ ಸಾಫ್ಟ್‌ವೇರ್ ಇಆರ್‌ಪಿನೆಕ್ಸ್ಟ್ ಇಡೀ ಮೊತ್ತವನ್ನು ಫೆಬ್ರವರಿ 15ರಿಂದ ಮೂರು ವರ್ಷಕ್ಕೆ ಹಂಚುತ್ತಿದೆ. ಮಾಲೀಕರು, "ಹಣ ಬಂದಿದೆ, ಜಿಎಸ್‌ಟಿ ಕಟ್ಟಿದ್ದೇವೆ, ಎಲ್ಲವೂ ಈ ವರ್ಷದ ಮಾರಾಟವೇ" ಎನ್ನುತ್ತಾರೆ. ಆಡಿಟರ್ ಎರಡೂ ತಪ್ಪು ಎಂದಿದ್ದಾರೆ. ಗ್ರಾಹಕರು ಕಬ್ಬು ಅರೆಯುವ ಹಂಗಾಮಿನಲ್ಲಿ ಮಾತ್ರ ಸಾಫ್ಟ್‌ವೇರ್ ಬಳಸುತ್ತಾರೆ. ಹಾಗಾದರೆ ಆ ತಿಂಗಳುಗಳಿಗೆ ಮಾತ್ರ ಆದಾಯ ತೋರಿಸಬೇಕೇ? ಮಾರ್ಚ್‌ವರೆಗಿನ ಎಂಟ್ರಿಗಳು ಆಗಿವೆ, ವರ್ಷದ ಲೆಕ್ಕ ಇನ್ನೂ ಅಂತಿಮವಾಗಿಲ್ಲ. ನಮ್ಮ ದರಪಟ್ಟಿಯಲ್ಲಿ ಉಪಕರಣ ಮತ್ತು ಅಳವಡಿಕೆಗೆ 2,40,000, ಸಾಫ್ಟ್‌ವೇರ್‌ಗೆ ತಿಂಗಳಿಗೆ 10,000. ಉಪಕರಣ ನಮಗೆ ಬಿದ್ದದ್ದು 1,60,000.

ಉತ್ತರ: ನಿಮ್ಮ ಆಡಿಟರ್ ಹೇಳಿದ್ದು ಸರಿ. ಎರಡು ತಪ್ಪುಗಳೂ ಒಂದೇ ದಿಕ್ಕಿನವಲ್ಲ. ಮಾಲೀಕರ ಲೆಕ್ಕ ಆದಾಯವನ್ನು ಹೆಚ್ಚು ತೋರಿಸುತ್ತದೆ, ಇಆರ್‌ಪಿಯ ಲೆಕ್ಕ ಕಡಿಮೆ ತೋರಿಸುತ್ತದೆ. ಸರಿಯಾದ ಅಂಕಿ ಇವೆರಡರ ನಡುವೆ ಇದೆ, ಆದರೆ ಸರಾಸರಿ ತೆಗೆದು ಅದನ್ನು ಹಿಡಿಯಲಾಗದು. ಗ್ರಾಹಕರಿಗೆ ನೀವು ಏನೇನು ಕೊಡಲು ಒಪ್ಪಿದ್ದೀರಿ, ಅದರಲ್ಲಿ ಯಾವುದನ್ನು ಯಾವ ದಿನ ಕೊಟ್ಟು ಮುಗಿಸಿದಿರಿ ಎಂಬುದನ್ನು ಬೇರೆಬೇರೆ ಮಾಡಿದರೆ ಮಾತ್ರ ಅದು ಸಿಗುತ್ತದೆ.

ಮೊದಲು ಜಿಎಸ್‌ಟಿಯ ಮಾತು ಮುಗಿಸೋಣ, ಏಕೆಂದರೆ ಮೈಸೂರು–ಮಂಡ್ಯದ ಮಾಲೀಕರಿಂದ ನಾನು ಅತಿ ಹೆಚ್ಚು ಕೇಳುವ ವಾದ ಇದೇ. ಸೇವೆಯ ಮೇಲಿನ ತೆರಿಗೆ ಯಾವಾಗ ಕಟ್ಟಬೇಕು ಎಂಬುದನ್ನು ಸಿಜಿಎಸ್‌ಟಿ ಕಾಯ್ದೆಯ 13ನೇ ಕಲಂ ನಿರ್ಧರಿಸುತ್ತದೆ. ಕಾಯ್ದೆ ಹೇಳಿದ ಅವಧಿಯೊಳಗೆ ಇನ್‌ವಾಯ್ಸ್ ಮಾಡಿದ್ದರೆ ಇನ್‌ವಾಯ್ಸಿನ ದಿನ ಅಥವಾ ಹಣ ಕೈಸೇರಿದ ದಿನ, ಇವೆರಡರಲ್ಲಿ ಮೊದಲು ಬಂದದ್ದು ಅದಕ್ಕೆ ಆಧಾರ. ಸೇವೆ ಕೊಟ್ಟು ಮುಗಿಯಿತೇ ಎಂದು ಆ ಕಲಂ ಕಾಯುವುದಿಲ್ಲ. ಲೆಕ್ಕಪತ್ರದ ಮಾನದಂಡ ಕೇಳುವುದು ಅದೊಂದನ್ನೇ. ಹೀಗಾಗಿ ಪೂರ್ತಿ ಜಿಎಸ್‌ಟಿ ಕಟ್ಟಿದ ತಿಂಗಳಲ್ಲಿ ಪುಸ್ತಕದಲ್ಲಿ ಚಂದಾ ಆದಾಯ ಸೊನ್ನೆಯಾಗಿರುವುದು ತಪ್ಪೇನೂ ಅಲ್ಲ. ಜಿಎಸ್‌ಟಿ ರಿಟರ್ನಿನ ವಹಿವಾಟಿಗೂ ಪುಸ್ತಕದ ವಹಿವಾಟಿಗೂ ಇರುವ ಆ ಅಂತರವನ್ನು ಒಂದು ಹಾಳೆಯಲ್ಲಿ ಇನ್‌ವಾಯ್ಸ್‌ವಾರು ಬರೆದಿಟ್ಟುಕೊಂಡರೆ ಸಾಕು. ಮುಂದೂಡುವುದು ತೆರಿಗೆ ಬಿಟ್ಟ ಮೊತ್ತವನ್ನು ಮಾತ್ರ. ನಿಮ್ಮ ಇನ್‌ವಾಯ್ಸಿನ 97,200 ರೂಪಾಯಿ ಜಿಎಸ್‌ಟಿ ಮೊದಲ ದಿನವೇ ತೆರಿಗೆಯ ಖಾತೆಗೆ ಹೋಗಬೇಕು. ಕೈಯಿಂದ ಜರ್ನಲ್ ಬರೆಯುವ ಕಚೇರಿಗಳಲ್ಲಿ 6,37,200ನ್ನು ಪೂರ್ತಿಯಾಗಿ 36ರಿಂದ ಭಾಗಿಸಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿ ಸರ್ಕಾರದ ಹಣವೂ ತಿಂಗಳು ತಿಂಗಳು ಆದಾಯವಾಗಿ ಕೂತಿತ್ತು.

ಈಗ ಒಪ್ಪಂದದ ಒಳಗೆ ಏನಿದೆ ನೋಡೋಣ. ಉಪಕರಣ ಕೂರಿಸಿ ಒಪ್ಪಿಸುವುದು ಒಂದು ಕೆಲಸ, ಅದು ಮಾರ್ಚ್ 10ಕ್ಕೆ ಮುಗಿದಿದೆ. ಉಪಕರಣವನ್ನೂ ಅಳವಡಿಕೆಯನ್ನೂ ಇನ್ನೂ ಬಿಡಿಸಬೇಕೇ ಎಂಬ ಚರ್ಚೆ ಇಲ್ಲಿ ಬೇಡ. ಎರಡೂ ಒಂದೇ ದಿನ ಪೂರ್ಣಗೊಂಡಿರುವುದರಿಂದ ಬಿಡಿಸಿದರೂ ಅಂಕಿ ಬದಲಾಗದು. ಸಾಫ್ಟ್‌ವೇರ್ ಮಾತ್ರ ಬೇರೆ ಜಾತಿಯದು. ಅದು ಮಾರ್ಚ್ 16ರಿಂದ ಪ್ರತಿದಿನ ಸ್ವಲ್ಪಸ್ವಲ್ಪವಾಗಿ ಸಲ್ಲುತ್ತಾ 2028ರ ಮಾರ್ಚ್ 15ಕ್ಕೆ ಮುಗಿಯುತ್ತದೆ. ಎರಡನ್ನೂ ಬಿಡಿಯಾಗಿ ಮಾರಿದ್ದರೆ ದರಪಟ್ಟಿಯ ಪ್ರಕಾರ 2,40,000 ಮತ್ತು 3,60,000, ಒಟ್ಟು 6,00,000 ಆಗುತ್ತಿತ್ತು. ನೀವು ಪಡೆದದ್ದು 5,40,000, ಅಂದರೆ ಶೇ. 10 ರಿಯಾಯಿತಿ. ಆ ರಿಯಾಯಿತಿಯನ್ನು ಎರಡಕ್ಕೂ ಅದರದರ ಬಿಡಿ ಬೆಲೆಯ ಪ್ರಮಾಣದಲ್ಲಿ ಹಂಚಿದರೆ ಉಪಕರಣಕ್ಕೆ 2,16,000, ಚಂದಾಕ್ಕೆ 3,24,000 ಬೀಳುತ್ತದೆ. ಮಾರಾಟದವರು ಗ್ರಾಹಕರಿಗೆ "ಮೂರು ವರ್ಷ ಸಾಫ್ಟ್‌ವೇರ್ ಉಚಿತ" ಎಂದು ಹೇಳಿದ್ದರೂ ಈ ಹಂಚಿಕೆ ಬದಲಾಗುವುದಿಲ್ಲ. ತಿಂಗಳಿಗೆ ಹತ್ತು ಸಾವಿರಕ್ಕೆ ಮಾರುವ ವಸ್ತುವನ್ನು ಕಂಪನಿ ಮೂರು ವರ್ಷ ನಡೆಸಿಕೊಡಬೇಕಾಗಿರುವಾಗ ಅದರ ಬೆಲೆ ಉಪಕರಣದ ಬೆಲೆಯೊಳಗೆ ಅಡಗಿದೆ ಎಂದೇ ಅರ್ಥ.

ಬಿಡಿ ಬೆಲೆಯ ಪ್ರಮಾಣದಲ್ಲಿ ಹಂಚುವ ಈ ವಿಧಾನವನ್ನು ಸ್ಪಷ್ಟವಾಗಿ ಬರೆದಿಟ್ಟಿರುವುದು 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 115. ನಿಮ್ಮಂಥ ಸಣ್ಣ ಖಾಸಗಿ ಕಂಪನಿಗೆ ಸಾಮಾನ್ಯವಾಗಿ ಅನ್ವಯಿಸುವುದು ಹಳೆಯ ಎಎಸ್ 9. ಅದರಲ್ಲಿ ಇಂಡ್ ಎಎಸ್ 115ರ ಐದು ಹೆಜ್ಜೆಗಳ ಸೂತ್ರ ಇಲ್ಲ ನಿಜ. ಆದರೆ ಚಂದಾ ಹಣವನ್ನು ಮುಂದೂಡಿ ಕಾಲಕ್ಕೆ ತಕ್ಕಂತೆ ಗುರುತಿಸಬೇಕು, ಸೇವೆಯ ಆದಾಯ ಸೇವೆ ಸಲ್ಲಿದಂತೆ ಬರಬೇಕು ಎಂಬ ನಿಲುವು ಅದರಲ್ಲೂ ಇದೆ. ಹಂಚಿಕೆಗೆ ಬಿಡಿ ಬೆಲೆಯನ್ನು ಆಧಾರ ಮಾಡಿಕೊಂಡರೆ ಎಎಸ್ 9ರ ಅಡಿಯಲ್ಲೂ ಆಡಿಟರ್ ಎದುರು ಸಮರ್ಥಿಸಿಕೊಳ್ಳಬಹುದು. ಹಾಗಾಗಿ ದರಪಟ್ಟಿಯ ಆ ದಿನದ ಪ್ರತಿಯನ್ನು ಒಪ್ಪಂದದ ಕಡತದಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಎರಡು ವರ್ಷದ ನಂತರ ದರ ಬದಲಾಗಿರುತ್ತದೆ, ಹಳೆಯ ದರವನ್ನು ತೋರಿಸಲು ನಿಮ್ಮ ಬಳಿ ಬೇರೇನೂ ಇರುವುದಿಲ್ಲ.

2025ರ ಮಾರ್ಚ್ 16ರಿಂದ 2028ರ ಮಾರ್ಚ್ 15ರವರೆಗೆ ಎರಡೂ ದಿನ ಸೇರಿಸಿ ಎಣಿಸಿದರೆ 1,096 ದಿನ. 2028 ಅಧಿಕ ವರ್ಷವಾದ್ದರಿಂದ ಫೆಬ್ರವರಿ 29 ಒಳಗೆ ಬರುತ್ತದೆ. 3,24,000ನ್ನು 1,096ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 295.62 ರೂಪಾಯಿ. ಮಾರ್ಚ್ 2025ರಲ್ಲಿ ಸಲ್ಲಿದ್ದು 16 ದಿನ, ಅಂದರೆ 4,729.93. ಉಪಕರಣದ 2,16,000 ಸೇರಿಸಿದರೆ 2024–25ರ ಆದಾಯ 2,20,729.93. ಮಾಲೀಕರ ಲೆಕ್ಕದಲ್ಲಿ ಇದು 5,40,000. ನಿಮ್ಮ ಇಆರ್‌ಪಿಯ ಲೆಕ್ಕದಲ್ಲಿ ಫೆಬ್ರವರಿ 15ರಿಂದ 2028ರ ಫೆಬ್ರವರಿ 14ರವರೆಗಿನ 1,095 ದಿನಗಳಲ್ಲಿ 45 ದಿನ ಮಾತ್ರ ಕಳೆದಿರುವುದರಿಂದ 22,191.78. ಒಂದೇ ಒಪ್ಪಂದಕ್ಕೆ ಮೂರು ಅಂಕಿಗಳು.

ಇಆರ್‌ಪಿಯ ಅಂಕಿ ತಪ್ಪೆಂದು ಆಡಿಟರ್ ಬರುವ ಮೊದಲೇ ಗೊತ್ತಾಗುವ ದಾರಿಯೊಂದು ನಿಮ್ಮ ಕೈಯಲ್ಲಿತ್ತು. ಉಪಕರಣದ ಖರೀದಿ ವೆಚ್ಚ 1,60,000 ಮಾರಾಟದ ದಿನವೇ ಪೂರ್ತಿಯಾಗಿ ಖರ್ಚಿಗೆ ಹೋಗಿರುತ್ತದೆ. ಅದರ ಎದುರು 22,191.78 ಮಾತ್ರ ಆದಾಯ ನಿಂತರೆ ಆ ಒಪ್ಪಂದ ಸುಮಾರು 1,37,800 ನಷ್ಟ ತೋರಿಸುತ್ತದೆ. ಲಾಭ ಇಟ್ಟೇ ಮಾರಿದ ಉಪಕರಣ ಮೊದಲ ತಿಂಗಳು ಭಾರಿ ನಷ್ಟ ತೋರಿಸಿ, ಆಮೇಲೆ ಮೂರು ವರ್ಷ ಖರ್ಚೇ ಇಲ್ಲದೆ ಲಾಭ ತೋರಿಸುತ್ತಿದ್ದರೆ, ಮುಂದೂಡಬಾರದ್ದು ಮುಂದೂಡಲ್ಪಟ್ಟಿದೆ ಎಂದು ತಿಳಿಯಬೇಕು. ಗ್ರಾಹಕವಾರು ಲಾಭದ ವರದಿಯನ್ನು ತಿಂಗಳಿಗೊಮ್ಮೆ ತೆರೆದು ನೋಡುವ ಲೆಕ್ಕಿಗರಿಗೆ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಹಂಗಾಮಿನ ಪ್ರಶ್ನೆ ಬಹಳ ಒಳ್ಳೆಯದು. ಮಂಡ್ಯದಲ್ಲಿ ಕೂತವರಿಗೆ ಮಾತ್ರ ಹೊಳೆಯುವಂಥದ್ದು. ಕಬ್ಬಿನ ಲಾರಿ, ಟ್ರಾಕ್ಟರ್, ಎತ್ತಿನ ಗಾಡಿ ಸಾಲುಗಟ್ಟಿ ನಿಲ್ಲುವ ತಿಂಗಳುಗಳಲ್ಲಿ ನಿಮ್ಮ ಸಾಫ್ಟ್‌ವೇರ್ ಎಡೆಬಿಡದೆ ಕೆಲಸ ಮಾಡುತ್ತದೆ, ಉಳಿದ ಕಾಲ ಸುಮ್ಮನಿರುತ್ತದೆ. ಹಾಗಿದ್ದರೂ ಆದಾಯವನ್ನು ಸಮನಾಗಿಯೇ ಹಂಚಬೇಕು. ಗ್ರಾಹಕರು ಹಣ ಕೊಟ್ಟಿರುವುದು ಇಷ್ಟು ತೂಕದ ಚೀಟಿಗಳಿಗೆ ಎಂದಲ್ಲ, ಮೂರು ವರ್ಷ ಯಾವಾಗ ತೆರೆದರೂ ಸಾಫ್ಟ್‌ವೇರ್ ನಡೆಯುತ್ತಿರಬೇಕು ಎಂಬುದಕ್ಕೆ. ಅರೆಯುವಿಕೆ ನಿಂತಿರುವಾಗಲೂ ಅವರು ಹಳೆಯ ಚೀಟಿ ತೆಗೆಯಲು ಲಾಗಿನ್ ಆದರೆ ನೀವು ಒದಗಿಸಲೇಬೇಕು. ಸರ್ವರ್ ನಡೆಸುತ್ತಿರಬೇಕು, ಫೋನ್ ಎತ್ತಲು ಒಬ್ಬರನ್ನು ಇಟ್ಟಿರಬೇಕು. ಹೀಗೆ ಸದಾ ಸಿದ್ಧವಾಗಿರುವುದೇ ಸೇವೆಯಾದಾಗ ಅದು ಕ್ಯಾಲೆಂಡರಿನ ಪ್ರತಿದಿನವೂ ಸಲ್ಲುತ್ತದೆ.

ಒಪ್ಪಂದದಲ್ಲಿ "ಪ್ರತಿ ತೂಕಕ್ಕೆ ಇಷ್ಟು ರೂಪಾಯಿ" ಎಂದು ಇದ್ದರೆ ಮಾತ್ರ ಚಿತ್ರ ಪೂರ್ತಿ ಬದಲಾಗುತ್ತದೆ. ಆಗ ಆದಾಯ ತೂಕದ ಎಣಿಕೆಯನ್ನು ಹಿಂಬಾಲಿಸುತ್ತದೆ, ದಿನಾಂಕ ನೋಡಿ ಹಂಚುವ ಶೆಡ್ಯೂಲ್ ಅದಕ್ಕೆ ಹೊಂದುವುದಿಲ್ಲ. ಅಂಥ ಗ್ರಾಹಕರಿಗೆ ತಿಂಗಳ ಕೊನೆಯಲ್ಲಿ ಎಣಿಕೆ ತೆಗೆದು ಇನ್‌ವಾಯ್ಸ್ ಮಾಡಿ, ಇಆರ್‌ಪಿಯಲ್ಲಿ ಆದಾಯ ಮುಂದೂಡುವ ಡಿಫರ್ಡ್ ಆಯ್ಕೆಯನ್ನು ಮುಟ್ಟಬೇಡಿ. ಗ್ರಾಹಕರಿಗಾಗಿಯೇ ಏಳೆಂಟು ತಿಂಗಳು ಕೂತು ಸಾಫ್ಟ್‌ವೇರ್ ಕಟ್ಟಿಕೊಡುವ ಕೆಲಸಕ್ಕೂ ಇದೇ ಮಾತು. ಅಲ್ಲಿ ಕೆಲಸ ಎಷ್ಟು ಮುಗಿದಿದೆ ಎಂಬ ಅಳತೆ ಬೇಕು. ಸಮನಾಗಿ ಹಂಚುವ ಶೆಡ್ಯೂಲ್ ಹಾಕಿದರೆ ಕೆಲಸ ನಿಂತುಹೋದ ತಿಂಗಳಲ್ಲೂ ಆದಾಯ ಬರುತ್ತಲೇ ಇರುತ್ತದೆ.

ಇನ್ನು ಇಆರ್‌ಪಿನೆಕ್ಸ್ಟ್ ನಿಮ್ಮಲ್ಲಿ ಹೀಗೇಕೆ ಮಾಡಿತು ಎಂಬುದು. ಅದು ಕೆಟ್ಟಿಲ್ಲ, ನೀವು ಹೇಳಿದ್ದನ್ನೇ ಮಾಡಿದೆ. ಐಟಂ ಮಾಸ್ಟರಿನಲ್ಲಿ `Enable Deferred Revenue` ಗುರುತು ಹಾಕಿ ತಿಂಗಳ ಸಂಖ್ಯೆ 36 ಎಂದು ಕೊಟ್ಟಿದ್ದರೆ, ಆ ಐಟಂ ಇನ್‌ವಾಯ್ಸಿಗೆ ಬಂದಾಗ `Service Start Date` ತಾನಾಗಿಯೇ ಇನ್‌ವಾಯ್ಸಿನ ದಿನಾಂಕವಾಗಿ ತುಂಬಿಕೊಳ್ಳುತ್ತದೆ. ಸಾಫ್ಟ್‌ವೇರ್ ಎಂದು ತೆರೆದುಕೊಟ್ಟಿರಿ ಎಂಬುದು ಅದಕ್ಕೆ ಗೊತ್ತಿಲ್ಲ. ಎರಡನೆಯದಾಗಿ, ಮುಂದೂಡಿಕೆ ನಡೆಯುವುದು ಇನ್‌ವಾಯ್ಸಿನ ಪ್ರತಿ ಸಾಲಿನ ಮಟ್ಟದಲ್ಲಿ. ನಿಮ್ಮದು ಒಂದೇ ಸಾಲು, ಹಾಗಾಗಿ ಉಪಕರಣವೂ ಚಂದಾದ ಜೊತೆ ಹಂಚಿಹೋಯಿತು. ಈ ಎರಡು ಕಾರಣಗಳ ಹೊರತು ಮೂರನೆಯದಿಲ್ಲ.

ಮುಂದಿನ ಒಪ್ಪಂದದಿಂದ ಎರಡು ಐಟಂ ಇಟ್ಟುಕೊಳ್ಳಿ. ಉಪಕರಣದ ಐಟಂಗೆ ಡಿಫರ್ಡ್ ಗುರುತು ಬೇಡ, ಅದರ ಆದಾಯ ನೇರವಾಗಿ ಉಪಕರಣ ಮಾರಾಟದ ಖಾತೆಗೆ ಹೋಗಲಿ. ಚಂದಾದ ಐಟಂಗೆ ಗುರುತು ಹಾಕಿ `Deferred Revenue Account` ಕೊಡಿ. ಆ ಖಾತೆ ಲೈಬಿಲಿಟಿ ಗುಂಪಿನಲ್ಲಿರಬೇಕು, ಆದಾಯದ ಗುಂಪಿನಲ್ಲಲ್ಲ. ಇನ್‌ವಾಯ್ಸ್ ಮಾಡುವಾಗ ಹಂಚಿಕೆಯಾದ ಬೆಲೆಗಳನ್ನೇ, ಅಂದರೆ 2,16,000 ಮತ್ತು 3,24,000ನ್ನು, ಎರಡು ಸಾಲಾಗಿ ಬರೆಯಿರಿ. `Service Start Date` ಮತ್ತು `Service End Date` ಎರಡನ್ನೂ ಸಾಫ್ಟ್‌ವೇರ್ ತೆರೆದ ದಿನದ ದಾಖಲೆ ನೋಡಿ ಕೈಯಾರೆ ತುಂಬಿ. ಕೊನೆಯ ದಿನಾಂಕದ ಮೇಲೆ ವಿಶೇಷವಾಗಿ ಕಣ್ಣಿಡಿ: 16ಕ್ಕೆ ಶುರುವಾದ ಸೇವೆ 15ಕ್ಕೆ ಮುಗಿಯಬೇಕು. ತಾನಾಗಿ ತುಂಬಿದ ದಿನಾಂಕ 16 ಎಂದೇ ಇದ್ದರೆ ಒಂದು ದಿನ ಹೆಚ್ಚಾಗುತ್ತದೆ. ಇನ್‌ವಾಯ್ಸ್ ಸಲ್ಲಿಸಿದಾಗ ಪುಸ್ತಕದಲ್ಲಿ ಹೀಗೆ ಬೀಳಬೇಕು:

```
ಖರ್ಚು  ಗ್ರಾಹಕರು                6,37,200
  ಜಮಾ  ಉಪಕರಣ ಮಾರಾಟ            2,16,000
  ಜಮಾ  ಡಿಫರ್ಡ್ ರೆವೆನ್ಯೂ         3,24,000
  ಜಮಾ  ಜಿಎಸ್‌ಟಿ                   97,200
```

ಕೆಲವು ಗ್ರಾಹಕರು ತಮ್ಮ ಆಸ್ತಿ ಪಟ್ಟಿಯಲ್ಲಿ ಉಪಕರಣವನ್ನು ಪೂರ್ತಿ ಬೆಲೆಗೆ ತೋರಿಸಲು, ಇನ್‌ವಾಯ್ಸಿನಲ್ಲಿ ಉಪಕರಣ 5,40,000, ಸಾಫ್ಟ್‌ವೇರ್ ಸೊನ್ನೆ ಎಂದೇ ಬರೆಯಿರಿ ಎಂದು ಹಟ ಹಿಡಿಯುತ್ತಾರೆ. ಸೊನ್ನೆ ರೂಪಾಯಿಯ ಸಾಲಿಗೆ ಶೆಡ್ಯೂಲ್ ಕೆಲಸ ಮಾಡದು. ಆಗ 3,24,000ನ್ನು ಉಪಕರಣ ಮಾರಾಟದಿಂದ ಡಿಫರ್ಡ್ ಖಾತೆಗೆ ಜರ್ನಲ್ ಮೂಲಕ ಎತ್ತಿಡಬೇಕು, ಪ್ರತಿ ತಿಂಗಳ ಎಂಟ್ರಿಯನ್ನೂ ನೀವೇ ಮಾಡಬೇಕು. ಒಂದೆರಡು ಒಪ್ಪಂದಗಳಿಗೆ ಇದು ನಡೆಯುತ್ತದೆ. ಇಪ್ಪತ್ತು ಒಪ್ಪಂದಗಳಾದರೆ ಯಾವುದಾದರೊಂದು ತಿಂಗಳು ಯಾರಾದರೊಬ್ಬರು ಮರೆಯುತ್ತಾರೆ. ಆದ್ದರಿಂದ ಇನ್‌ವಾಯ್ಸಿನ ನಮೂನೆಯನ್ನು ಒಪ್ಪಂದ ಬರೆಯುವಾಗಲೇ ಗ್ರಾಹಕರೊಂದಿಗೆ ಮಾತಾಡಿ ನಿರ್ಧರಿಸುವುದು ಒಳ್ಳೆಯದು.

`Accounts Settings`ನಲ್ಲಿ ಹಂಚಿಕೆ ದಿನದ ಲೆಕ್ಕವೋ ತಿಂಗಳ ಲೆಕ್ಕವೋ ಎಂದು ಕೇಳುತ್ತದೆ. ದಿನದ ಲೆಕ್ಕದಲ್ಲಿ ನಿಮ್ಮ ಚಂದಾ ಏಪ್ರಿಲಿನಲ್ಲಿ 8,868.61, ಮೇ ತಿಂಗಳಲ್ಲಿ 9,164.23 ಆಗುತ್ತದೆ. ತಿಂಗಳ ಲೆಕ್ಕದಲ್ಲಿ ಪ್ರತಿ ಪೂರ್ಣ ತಿಂಗಳಿಗೆ 9,000. ಎರಡೂ ಸಮ್ಮತವೇ. ತಿಂಗಳ ನಡುವೆ ಶುರುವಾಗುವ ಒಪ್ಪಂದಗಳೇ ಹೆಚ್ಚಿರುವಲ್ಲಿ ನಾನು ದಿನದ ಲೆಕ್ಕವನ್ನೇ ಆರಿಸುತ್ತೇನೆ, ಏಕೆಂದರೆ ಅದನ್ನು ಹೊರಗಿನಿಂದ ತಾಳೆ ನೋಡುವುದು ಸುಲಭ. ಆದರೆ ಶೆಡ್ಯೂಲ್‌ಗಳು ಓಡುತ್ತಿರುವಾಗ ಈ ಆಯ್ಕೆಯನ್ನು ನಡುವೆ ಬದಲಿಸಬೇಡಿ. ಅರ್ಧ ಅವಧಿ ಒಂದು ಕ್ರಮದಲ್ಲಿ, ಉಳಿದರ್ಧ ಇನ್ನೊಂದರಲ್ಲಿ ನಡೆದ ಖಾತೆಯ ಬಾಕಿ ಯಾವ ಸೂತ್ರಕ್ಕೂ ತಾಳೆಯಾಗುವುದಿಲ್ಲ.

ಈಗ ಆಗಿಹೋದ ಇನ್‌ವಾಯ್ಸನ್ನು ಏನು ಮಾಡುವುದು? ಅನೇಕರಿಗೆ ಮೊದಲು ಹೊಳೆಯುವುದು ರದ್ದು ಮಾಡಿ ಹೊಸದು ಮಾಡೋಣ ಎಂಬುದು. ಅದು ಬೇಡ. ಫೆಬ್ರವರಿಯ ರಿಟರ್ನಿನಲ್ಲಿ ಆ ಇನ್‌ವಾಯ್ಸ್ ಸಲ್ಲಿಕೆಯಾಗಿದೆ, ಗ್ರಾಹಕರು ಅದರ ಮೇಲೆ ತೆರಿಗೆ ಕ್ರೆಡಿಟ್ ಪಡೆದಿರಬಹುದು. ನೀವು ಇ-ಇನ್‌ವಾಯ್ಸ್ ವ್ಯಾಪ್ತಿಯಲ್ಲಿದ್ದರೆ ಪೋರ್ಟಲಿನಲ್ಲಿ ಅದನ್ನು ರದ್ದು ಮಾಡಲು 24 ಗಂಟೆಗಳ ಅವಕಾಶ ಮಾತ್ರ ಇರುತ್ತದೆ. ತೆರಿಗೆಯ ದೃಷ್ಟಿಯಿಂದ ತಪ್ಪೇ ಇಲ್ಲದ ದಾಖಲೆಯನ್ನು ಪುಸ್ತಕದ ತಪ್ಪಿಗಾಗಿ ಅಳಿಸಲು ಹೋಗಿ ಎರಡನೆಯ ತೊಂದರೆ ತಂದುಕೊಳ್ಳಬೇಕಾಗಿಲ್ಲ.

ಇನ್‌ವಾಯ್ಸನ್ನು ಹಾಗೆಯೇ ಬಿಟ್ಟು, ಏಪ್ರಿಲಿನ ಎಂಟ್ರಿ ಓಡುವ ಮುನ್ನ ಆ ಸಾಲಿನ `Service Stop Date`ಗೆ 2025ರ ಮಾರ್ಚ್ 31 ತುಂಬಿ. ಇದನ್ನು ಸಲ್ಲಿಸಿದ ಇನ್‌ವಾಯ್ಸಿನಲ್ಲೂ ತುಂಬಬಹುದು; ಆದರೆ ಒಮ್ಮೆ ತುಂಬಿದ ಮೇಲೆ ಬದಲಿಸಲು ಬಿಡುವುದಿಲ್ಲವಾದ್ದರಿಂದ ದಿನಾಂಕವನ್ನು ಎರಡು ಸಲ ಓದಿ ಒತ್ತಿ. ಅಲ್ಲಿಗೆ ತಪ್ಪು ಶೆಡ್ಯೂಲ್ ನಿಲ್ಲುತ್ತದೆ. ಆ ಹೊತ್ತಿಗೆ ಡಿಫರ್ಡ್ ಖಾತೆಯಲ್ಲಿ ಈ ಒಪ್ಪಂದದ ಬಾಕಿ 5,17,808.22 ಇರುತ್ತದೆ, ಇರಬೇಕಾದದ್ದು 3,19,270.07. ವ್ಯತ್ಯಾಸವನ್ನು ಮಾರ್ಚ್ 31ರ ಜರ್ನಲಿನಿಂದ ಸರಿಪಡಿಸಬೇಕು:

```
ಖರ್ಚು  ಡಿಫರ್ಡ್ ರೆವೆನ್ಯೂ         1,98,538.15
ಖರ್ಚು  ಚಂದಾ ಆದಾಯ               17,461.85
  ಜಮಾ  ಉಪಕರಣ ಮಾರಾಟ            2,16,000.00
```

ಎರಡನೆಯ ಸಾಲು ಏಕೆ ಬಂತೆಂದರೆ, ಈವರೆಗೆ ಚಂದಾ ಆದಾಯವೆಂದು ಬಿದ್ದಿರುವುದು 22,191.78, ನಿಜವಾಗಿ ಸಲ್ಲಿದ್ದು 4,729.93, ಹೆಚ್ಚುವರಿ 17,461.85 ಹಿಂದಕ್ಕೆ ಹೋಗಬೇಕು. ಜರ್ನಲಿನ ಟಿಪ್ಪಣಿಯಲ್ಲಿ ಇನ್‌ವಾಯ್ಸ್ ಸಂಖ್ಯೆಯನ್ನೂ ಈ ಲೆಕ್ಕವನ್ನೂ ಬರೆಯಿರಿ. ಏಪ್ರಿಲಿನಿಂದ ಉಳಿದ 1,080 ದಿನಗಳ ಆದಾಯವನ್ನು ಈ ಒಂದು ಒಪ್ಪಂದಕ್ಕೆ ಮಾತ್ರ ತಿಂಗಳ ಜರ್ನಲಿನಿಂದ ತರಬೇಕಾಗುತ್ತದೆ. ಇದು ಬೇಸರದ ಕೆಲಸ ಎಂದು ನನಗೆ ಗೊತ್ತು, ಆದರೂ ತೆರಿಗೆಯ ದಾಖಲೆಯನ್ನು ಕದಡದೆ ಪುಸ್ತಕವನ್ನು ಸರಿಮಾಡಲು ಇದಕ್ಕಿಂತ ಸುರಕ್ಷಿತ ದಾರಿ ಕಾಣೆ. ಲೆಕ್ಕ ಅಂತಿಮವಾಗದಿರುವುದು ನಿಮ್ಮ ಅದೃಷ್ಟ. ಅಂತಿಮವಾಗಿ ಸಹಿಯಾಗಿದ್ದರೆ ಇದೇ ಮೊತ್ತವನ್ನು ಮರುವರ್ಷ ಹಿಂದಿನ ಅವಧಿಯ ತಪ್ಪೆಂದು ಪ್ರತ್ಯೇಕವಾಗಿ ತೋರಿಸಬೇಕಾಗುತ್ತಿತ್ತು.

ಮಾರ್ಚ್ 31ರ ಬಾಕಿ 3,19,270.07ರಲ್ಲಿ ಮುಂದಿನ ಹನ್ನೆರಡು ತಿಂಗಳಿಗೆ ಸೇರಿದ 1,07,901.46 ಚಾಲ್ತಿ ಹೊಣೆ, ಉಳಿದ 2,11,368.61 ದೀರ್ಘಾವಧಿ ಹೊಣೆ. ಇಡೀ ಮೊತ್ತವನ್ನು ಚಾಲ್ತಿಯಲ್ಲಿ ತೋರಿಸಿದರೆ ಬ್ಯಾಂಕಿನವರ ಕಣ್ಣಿಗೆ ಕಂಪನಿ ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ. ಕ್ಯಾಶ್ ಕ್ರೆಡಿಟ್ ನವೀಕರಣದ ವರ್ಷದಲ್ಲಿ ಇದು ಸಣ್ಣ ವಿಷಯವಲ್ಲ.

ಗ್ರಾಹಕರು ಟಿಡಿಎಸ್ ಕಡಿತ ಮಾಡಿದ್ದರೆ ಅದನ್ನೂ ಗಮನಿಸಿ. ಕಡಿತ ಇಡೀ ಮೊತ್ತದ ಮೇಲೆ 2024–25ರಲ್ಲೇ ಆಗಿರುತ್ತದೆ, ಆದಾಯ ಮಾತ್ರ ನಾಲ್ಕು ಆರ್ಥಿಕ ವರ್ಷಗಳಿಗೆ ಹರಡಿದೆ. ಆದಾಯ ತೆರಿಗೆ ನಿಯಮ 37ಬಿಎ ಪ್ರಕಾರ ಟಿಡಿಎಸ್ ಕ್ರೆಡಿಟ್ ಕೂಡ ಆದಾಯ ತೆರಿಗೆಗೆ ಒಳಪಡುವ ವರ್ಷಗಳಿಗೆ ಅದೇ ಪ್ರಮಾಣದಲ್ಲಿ ಸಿಗುತ್ತದೆ. ರಿಟರ್ನಿನಲ್ಲಿ ಉಳಿದದ್ದನ್ನು ಮುಂದಕ್ಕೆ ಒಯ್ಯದೆ ಪೂರ್ತಿ ಕ್ರೆಡಿಟ್ ಕೇಳಿದರೆ ನೋಟಿಸ್ ಬರಲು ಅದೇ ಸಾಕಾಗುತ್ತದೆ.

ನನಗೆ ನಿಜವಾಗಿ ಆತಂಕ ಇರುವುದು ಗ್ರಾಹಕರು ನಡುವೆ ಬಿಟ್ಟುಹೋದಾಗ ಏನಾಗುತ್ತದೆ ಎಂಬುದರ ಬಗ್ಗೆ. ಇವರು 2026ರ ಜೂನ್ 30ಕ್ಕೆ ಸಾಫ್ಟ್‌ವೇರ್ ಸಾಕು ಎಂದರು ಎನ್ನಿ. ಆ ದಿನಕ್ಕೆ 472 ದಿನ ಸಲ್ಲಿದೆ, 1,39,532.85 ಆದಾಯವಾಗಿದೆ, 624 ದಿನಗಳ 1,84,467.15 ಡಿಫರ್ಡ್ ಖಾತೆಯಲ್ಲಿ ಉಳಿದಿದೆ. ತಿಂಗಳ ಎಂಟ್ರಿ ನಿಲ್ಲುತ್ತದೆಯೇ ಹೊರತು ಈ ಉಳಿಕೆ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಏನು ಮಾಡಬೇಕು ಎಂಬುದು ಒಪ್ಪಂದದಲ್ಲಿದೆ. ಹಣ ವಾಪಸ್ ಇಲ್ಲ ಎಂದಿದ್ದರೆ, ಇನ್ನು ಕೊಡಬೇಕಾದ ಸೇವೆ ಏನೂ ಉಳಿದಿಲ್ಲವಾದ್ದರಿಂದ, ಒಪ್ಪಂದ ಮುಗಿದ ದಿನವೇ ಅಷ್ಟೂ ಆದಾಯವಾಗುತ್ತದೆ. ವಾಪಸ್ ಕೊಡಬೇಕೆಂದಿದ್ದರೆ ಕ್ರೆಡಿಟ್ ನೋಟ್ ಮಾಡಬೇಕು, ಅದು ಡಿಫರ್ಡ್ ಖಾತೆಯನ್ನು ಕಡಿಮೆ ಮಾಡಬೇಕೇ ವಿನಾ ಆ ವರ್ಷದ ಮಾರಾಟವನ್ನಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಪುಸ್ತಕದಲ್ಲಿ ಹೀಗೆ ಬಿಟ್ಟುಹೋದ ಗ್ರಾಹಕರ ಉಳಿಕೆಗಳು ಡಿಫರ್ಡ್ ಖಾತೆಯಲ್ಲಿ ವರ್ಷಗಟ್ಟಲೆ ಕೂತಿದ್ದನ್ನು ನಾನು ಬಿಡಿಸಬೇಕಾಯಿತು. ಯಾವುದು ವಾಪಸ್ ಕೊಡಬೇಕಾದ ಹಣ, ಯಾವುದು ಆದಾಯ ಎಂದು ಹೇಳಬಲ್ಲವರು ಕೆಲಸ ಬಿಟ್ಟು ಹೋಗಿದ್ದರು.

ಜಿಎಸ್‌ಟಿಯ ತೊಡಕೂ ಇಲ್ಲೇ ಇದೆ. ತೆರಿಗೆ ಕಡಿಮೆ ಮಾಡುವ ಕ್ರೆಡಿಟ್ ನೋಟಿಗೆ 34ನೇ ಕಲಂ ಗಡುವು ಹಾಕಿದೆ: ಪೂರೈಕೆಯಾದ ಆರ್ಥಿಕ ವರ್ಷದ ನಂತರದ ನವೆಂಬರ್ 30, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. 2025ರ ಫೆಬ್ರವರಿಯ ಇನ್‌ವಾಯ್ಸಿಗೆ ಇದನ್ನು ಹಚ್ಚಿದರೆ 2025ರ ನವೆಂಬರ್ 30ಕ್ಕೇ ಬಾಗಿಲು ಮುಚ್ಚುತ್ತದೆ, ಗ್ರಾಹಕರು ಬಿಟ್ಟದ್ದು 2026ರ ಜೂನಿನಲ್ಲಿ. 1,84,467ರ ಮೇಲಿನ ಶೇ. 18, ಸುಮಾರು 33,200 ರೂಪಾಯಿ, ಯಾರ ಕೈಯಿಂದ ಹೋಗಬೇಕು ಎಂಬ ವಾದ ಆಗ ಶುರುವಾಗುತ್ತದೆ. ಒಪ್ಪಂದ ಮೂರು ವರ್ಷದ್ದೇ ಇರಲಿ, ಚಂದಾದ ಇನ್‌ವಾಯ್ಸನ್ನು ವರ್ಷಕ್ಕೊಂದರಂತೆ ಮಾಡಿ ಎಂದು ನಾನು ಸಲಹೆ ಕೊಡುವುದು ಇದಕ್ಕಾಗಿಯೇ. ಇದರ ನಷ್ಟವೂ ಇದೆ: ಮೂರು ವರ್ಷದ ಹಣ ಮೊದಲೇ ಕೈಗೆ ಬರುವುದಿಲ್ಲ, ಎರಡನೆಯ ವರ್ಷ ವಸೂಲಿಗೆ ಓಡಾಡಬೇಕಾಗುತ್ತದೆ. ಬಂಡವಾಳ ಬಿಗಿಯಿರುವ ಮಾಲೀಕರು ಮುಂಗಡವನ್ನೇ ಆರಿಸಬಹುದು, ಅದು ಅವರ ತೀರ್ಮಾನ. ಹಾಗೆ ಆರಿಸಿದರೆ ನಡುವೆ ಬಿಟ್ಟಾಗ ಜಿಎಸ್‌ಟಿಯ ಭಾಗ ವಾಪಸ್ ಇಲ್ಲ ಎಂಬ ಸಾಲು ಒಪ್ಪಂದದಲ್ಲಿ ಇರಲಿ.

ವರ್ಷಕ್ಕೊಂದು ಇನ್‌ವಾಯ್ಸ್ ಮಾಡುವಾಗ ಒಂದು ಎಚ್ಚರ. ಏಪ್ರಿಲಿನಿಂದ ಶುರುವಾಗುವ ನವೀಕರಣದ ಇನ್‌ವಾಯ್ಸನ್ನು ಮಾರ್ಚ್‌ನಲ್ಲೇ ಮಾಡಿ, ಹಣ ಬಾರದೆ, ಸೇವೆಯೂ ಶುರುವಾಗದೆ ಇದ್ದರೆ, ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಕಡೆ ಬರಬೇಕಾದ ಬಾಕಿ, ಇನ್ನೊಂದು ಕಡೆ ಡಿಫರ್ಡ್ ಹೊಣೆ, ಎರಡೂ ಉಬ್ಬಿಕೊಳ್ಳುತ್ತವೆ. ಗ್ರಾಹಕರು ಇನ್ನೂ ಬೇಡ ಎನ್ನಬಹುದಾದ ಸ್ಥಿತಿಯಲ್ಲಿ ಎರಡೂ ನಿಜವಲ್ಲ. ವರ್ಷಾಂತ್ಯಕ್ಕೆ ಅವುಗಳನ್ನು ಪರಸ್ಪರ ವಜಾ ಮಾಡಿ ತೋರಿಸಿ.

ಕೊನೆಯದಾಗಿ ತಿಂಗಳ ತಾಳೆ. `Process Deferred Accounting` ತಾನಾಗಿ ಓಡುತ್ತದೆ ಎಂದು ನಂಬಿ ಕೂರಬೇಡಿ. ತಿಂಗಳ ಲೆಕ್ಕ ಮುಚ್ಚಿದ ಮೇಲೆ ತಡವಾಗಿ ಬಂದ ಇನ್‌ವಾಯ್ಸಿನ ಎಂಟ್ರಿ ನಿಂತುಹೋಗಬಹುದು ಅಥವಾ ಮುಂದಿನ ತಿಂಗಳಲ್ಲಿ ಬೀಳಬಹುದು, ಎಷ್ಟೋ ಕಚೇರಿಗಳಲ್ಲಿ ದೋಷದ ದಾಖಲೆಯನ್ನು ತೆರೆದು ನೋಡುವವರೇ ಇರುವುದಿಲ್ಲ. ಎಕ್ಸೆಲ್ ಹಾಳೆಯೊಂದರಲ್ಲಿ ಒಪ್ಪಂದಕ್ಕೊಂದು ಸಾಲಿನಂತೆ C ಕಾಲಮಿನಲ್ಲಿ ಚಂದಾ ಮೊತ್ತ, D ಮತ್ತು E ಕಾಲಮಿನಲ್ಲಿ ಶುರುವಿನ ಮತ್ತು ಕೊನೆಯ ದಿನಾಂಕ, H1ರಲ್ಲಿ ತಿಂಗಳ ಕೊನೆಯ ದಿನಾಂಕ ಬರೆದು ಈ ಸೂತ್ರ ಹಾಕಿ:

```
=C2*MAX(0,MIN(E2-$H$1,E2-D2+1))/(E2-D2+1)
```

ನಿಮ್ಮ ಒಪ್ಪಂದಕ್ಕೆ ಮಾರ್ಚ್ 31ರಂದು ಇದು 3,24,000ರ 1,096ರಲ್ಲಿ 1,080 ಪಾಲು, 3,19,270.07 ಎಂದು ಕೊಡುತ್ತದೆ. ಎಲ್ಲ ಸಾಲುಗಳ ಮೊತ್ತ ಡಿಫರ್ಡ್ ಲೆಡ್ಜರಿನ ಬಾಕಿಗೆ ಪೈಸೆಗಳ ಅಂತರದಲ್ಲಿ ತಾಳೆಯಾಗಬೇಕು. ಆಗದಿದ್ದರೆ ಮೊದಲು ನೋಡಬೇಕಾದದ್ದು ಆ ತಿಂಗಳ ಹೊಸ ಇನ್‌ವಾಯ್ಸುಗಳ ಶುರುವಿನ ದಿನಾಂಕ, ಆಮೇಲೆ ಬಿಟ್ಟುಹೋದ ಗ್ರಾಹಕರ ಸಾಲುಗಳು. ನಾನು ಬಿಡಿಸಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಈ ಎರಡರಲ್ಲೇ ಸಿಕ್ಕಿವೆ. ಇದೇ ಹಾಳೆಯಲ್ಲಿ ನಿಮ್ಮ ಬಳಿ ಇರುವ ಹಳೆಯ ಒಪ್ಪಂದಗಳನ್ನೂ ಈಗಲೇ ತುಂಬಿ, ಒಂದೇ ಸಾಲಿನ ಇನ್‌ವಾಯ್ಸ್ ಆಗಿರುವವನ್ನು ಗುರುತು ಮಾಡಿ ಮಾರ್ಚ್ 31ರ ಜರ್ನಲಿಗೆ ಸೇರಿಸಿ, ಆಮೇಲೆ ಹಾಳೆಯನ್ನು ಆಡಿಟರ್ ಮುಂದಿಡಿ.